ಹೊರಡುವ ಟೀಚರು ಪತ್ರದಲ್ಲಿ ಬರೆಯದ ಕಾರಣ

ಅಕ್ಟೋಬರ್ ತಿಂಗಳಲ್ಲಿ ಗಣಿತದ ಟೀಚರು ರಾಜೀನಾಮೆ ಕೊಟ್ಟರೆ ಗಡಿನಾಡಿನ ಕನ್ನಡ ಶಾಲೆಗೆ ಆಗುವ ನಷ್ಟವು ಬೇರೆ ಶಾಲೆಗಳ ನಷ್ಟಕ್ಕಿಂತ ದೊಡ್ಡದು. ಕನ್ನಡದಲ್ಲಿ ಭಿನ್ನರಾಶಿಯನ್ನು ವಿವರಿಸಬಲ್ಲ ಇನ್ನೊಬ್ಬರು ಆ ಊರಿನಲ್ಲಿ ಸಿಕ್ಕದೆ ಇರಬಹುದು. ಸಿಕ್ಕುವ ತನಕ ಮಕ್ಕಳು ಆ ಪೀರಿಯಡಿನಲ್ಲಿ ನೋಟ್ಸು ಬರೆದುಕೊಂಡು ಕೂರುತ್ತಾರೆ. ಆದರೂ ಹೊರಟವರ ಪತ್ರದಲ್ಲಿ ಕಾಣುವುದು ಸಾಮಾನ್ಯವಾಗಿ ಎರಡೇ ಪದ: ‘ವೈಯಕ್ತಿಕ ಕಾರಣಗಳಿಂದ’. ಆಡಳಿತ ಮಂಡಳಿ ಅದನ್ನು ಅಂಗೀಕರಿಸಿ, ಸಂಬಳ ಸಾಲದೆ ಹೋದರು ಎಂದು ತಾನೇ ತೀರ್ಮಾನಿಸಿ ಫೈಲು ಮುಚ್ಚುತ್ತದೆ.

ಆ ಎರಡು ಪದಗಳ ಹಿಂದೆ ಇರುವುದನ್ನು ತಿಳಿಯಲೆಂದೇ ಕಂಪೆನಿಗಳಲ್ಲಿ ‘ಎಕ್ಸಿಟ್ ಇಂಟರ್‌ವ್ಯೂ’ ಎಂಬ ಕ್ರಮವಿದೆ. ಕನ್ನಡದಲ್ಲಿ ಇದನ್ನು ನಿರ್ಗಮನ ಸಂದರ್ಶನ ಎನ್ನಬಹುದು. ಶಾಲೆಗಳಲ್ಲಿ ಇದು ಅಪರೂಪ. ನಡೆದರೂ ಹಲವು ಬಾರಿ ತಪ್ಪಾದ ವ್ಯಕ್ತಿಯಿಂದ, ತಪ್ಪಾದ ದಿನದಂದು ನಡೆಯುತ್ತದೆ.

ಕಾಸರಗೋಡು ಕಡೆಯ ಅನುದಾನರಹಿತ ಕನ್ನಡ ಮಾಧ್ಯಮ ಶಾಲೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅಲ್ಲಿ 22 ಮಂದಿ ಅಧ್ಯಾಪಕರು. ಮೂರು ವರ್ಷಗಳಲ್ಲಿ 9 ಮಂದಿ ಬಿಟ್ಟುಹೋಗಿದ್ದಾರೆ, ಅಂದರೆ ವರ್ಷಕ್ಕೆ ಮೂವರು, ನೂರಕ್ಕೆ ಸುಮಾರು 14ರಂತೆ. ಇದುವರೆಗೆ ಹೊರಡುವವರನ್ನು ಕೊನೆಯ ದಿನ ಮ್ಯಾನೇಜರರ ಕೋಣೆಗೆ ಕರೆಯುವುದು ರೂಢಿ. ಮೇಜಿನ ಮೇಲೆ ಅನುಭವ ಪ್ರಮಾಣಪತ್ರಕ್ಕೆ ಇನ್ನೂ ಸಹಿ ಬಿದ್ದಿರುವುದಿಲ್ಲ, ಕೊನೆಯ ತಿಂಗಳ ಸಂಬಳವೂ ಕೈಗೆ ಬಂದಿರುವುದಿಲ್ಲ. ‘ನಮ್ಮಿಂದೇನಾದರೂ ತೊಂದರೆ ಆಯಿತೇ ಟೀಚರೇ?’ ಎಂದು ಮ್ಯಾನೇಜರರು ಕೇಳುತ್ತಾರೆ. ‘ಇಲ್ಲ ಸರ್, ಮನೆಯಲ್ಲಿ ಸ್ವಲ್ಪ ಅನಾನುಕೂಲ’ ಎಂಬುದಲ್ಲದೆ ಬೇರೆ ಉತ್ತರ ಬರುವುದಾದರೂ ಹೇಗೆ?

ಆದ್ದರಿಂದ ಮೊದಲು ಮಾಡಬೇಕಾದದ್ದು, ಲೆಕ್ಕ ಚುಕ್ತಾ ಮಾಡುವುದನ್ನೂ ಸಂದರ್ಶನವನ್ನೂ ಬೇರ್ಪಡಿಸುವುದು. ಬಾಕಿ ಸಂಬಳ, ಅನುಭವ ಪ್ರಮಾಣಪತ್ರ, ಶಾಲೆಯಲ್ಲಿ ಇಟ್ಟುಕೊಂಡಿರುವ ಮೂಲ ಸರ್ಟಿಫಿಕೇಟುಗಳು ಮೊದಲು ಅವರ ಕೈಸೇರಬೇಕು. ಐದು ವರ್ಷ ನಿರಂತರ ಸೇವೆ ಸಲ್ಲಿಸಿದವರಾದರೆ ಗ್ರಾಚ್ಯುಯಿಟಿಯ ಹಕ್ಕೂ ಇದೆ. ಖಾಸಗಿ ಶಾಲೆಯ ಅಧ್ಯಾಪಕರಿಗೆ ಈ ಹಕ್ಕನ್ನು 2009ರ ತಿದ್ದುಪಡಿ ಕೊಟ್ಟಿತು. ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2022ರಲ್ಲಿ ಎತ್ತಿಹಿಡಿಯಿತು. ಹಕ್ಕಿನ ಹಣವನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದ ಪ್ರಶ್ನೆಗೆ ನಿಜ ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಎರಡನೆಯದು, ಕೇಳುವವರು ಯಾರು ಎಂಬುದು. ಹೊರಡುವವರ ಟೈಂಟೇಬಲ್ ಬರೆದವರೂ ರಜೆ ಮಂಜೂರು ಮಾಡಿದವರೂ ಕೇಳಬಾರದು. ದೂರು ಇರುವುದು ಅವರ ಮೇಲೆಯೇ ಆಗಿರಬಹುದು. ನಮ್ಮ ಉದಾಹರಣೆಯ ಶಾಲೆ, ಸಂಬಳ ಮತ್ತು ಬಡ್ತಿಯ ವಿಷಯದಲ್ಲಿ ಯಾವ ಅಧಿಕಾರವೂ ಇಲ್ಲದ ನಿವೃತ್ತ ಅಧ್ಯಾಪಿಕೆಯೊಬ್ಬರಿಗೆ ಈ ಕೆಲಸವನ್ನು ಒಪ್ಪಿಸುತ್ತದೆ. ರಕ್ಷಕ ಶಿಕ್ಷಕ ಸಂಘದ ಪದಾಧಿಕಾರಿಗಳಿಗೆ ಇದನ್ನು ವಹಿಸುವುದು ಸರಿಯಲ್ಲ. ತಮ್ಮ ಮಗುವಿನ ಟೀಚರು ಬಿಟ್ಟುಹೋಗುವ ಅಸಮಾಧಾನ ತಂದೆತಾಯಿಯ ಪ್ರಶ್ನೆಯೊಳಗೆ ತಾನಾಗಿಯೇ ನುಸುಳುತ್ತದೆ.

ನಿವೃತ್ತ ಅಧ್ಯಾಪಿಕೆ ಈ ವರ್ಷ ಹೊರಟವರನ್ನೂ ಹಿಂದಿನ ಎರಡು ವರ್ಷಗಳಲ್ಲಿ ಬಿಟ್ಟವರನ್ನೂ ಶಾಲೆಯ ಹೊರಗೆ, ಹೆಚ್ಚಿನವರನ್ನು ಅವರ ಮನೆಯಲ್ಲಿಯೇ, ಮುಕ್ಕಾಲು ಗಂಟೆ ಮಾತನಾಡಿಸುತ್ತಾರೆ. ಬಿಟ್ಟು ಕೆಲವು ತಿಂಗಳು ಕಳೆದವರ ಮಾತಿನಲ್ಲಿ ಸಂಕೋಚವೂ ಕಡಿಮೆ, ಸಿಟ್ಟೂ ಕಡಿಮೆ. ‘ಯಾಕೆ ಬಿಟ್ಟಿರಿ’ ಎಂಬ ಪ್ರಶ್ನೆಯನ್ನು ಅವರು ಕೇಳುವುದೇ ಇಲ್ಲ. ಅದಕ್ಕೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ‘ಬಿಡಬೇಕು ಎಂದು ಮೊದಲ ಬಾರಿ ಅನಿಸಿದ್ದು ಯಾವಾಗ? ಆ ವಾರ ಶಾಲೆಯಲ್ಲಿ ಏನಾಗಿತ್ತು?’ ಎಂದು ಕೇಳುತ್ತಾರೆ. ದಿನವನ್ನು ನೆನೆಯಹೊರಟಾಗ ಘಟನೆ ಬರುತ್ತದೆ, ಘಟನೆಯ ಹಿಂದೆ ಕಾರಣ ಬರುತ್ತದೆ. ಉತ್ತರವನ್ನು ಅವರು ಟೀಚರ ಮಾತಿನಲ್ಲಿಯೇ ಬರೆದುಕೊಳ್ಳುತ್ತಾರೆ, ತಮ್ಮ ಮಾತಿನ ಸಾರಾಂಶವಾಗಿ ಅಲ್ಲ.

ಒಂಬತ್ತು ಮಂದಿಯಲ್ಲಿ ಇಬ್ಬರು ಪಿಎಸ್‌ಸಿ ನೇಮಕಾತಿ ಸಿಕ್ಕಿ ಹೋದವರು, ಒಬ್ಬರು ಗಂಡನ ಕೆಲಸದ ಊರಿಗೆ ಹೋದವರು. ಈ ಮೂವರನ್ನು ಯಾವ ಶಾಲೆಯೂ ತಡೆಯಲಾರದು, ತಡೆಯಬೇಕಾಗಿಯೂ ಇಲ್ಲ. ಇವರನ್ನು ಪಕ್ಕಕ್ಕಿಟ್ಟರೆ ಉಳಿಯುವವರು ಆರು. ಆರರಲ್ಲಿ ಐವರಿಗೆ ಆ ಯೋಚನೆ ಮೊದಲು ಬಂದದ್ದು ಸೇರಿದ ಮೊದಲ ವರ್ಷವೇ, ಜೂನ್‌ನಿಂದ ಓಣಂ ಪರೀಕ್ಷೆಯ ನಡುವೆ. ಒಬ್ಬರು ಹೇಳಿದ ಮಾತು ಹೀಗಿದೆ: ‘ಗಣಿತಕ್ಕೆಂದು ಕರೆದರು. ಜುಲೈಯಲ್ಲಿ ಸಮಾಜ ವಿಜ್ಞಾನವನ್ನೂ ಕೊಟ್ಟರು. ಯಾರಾದರೂ ರಜೆ ಹಾಕಿದರೆ ಅವರ ಪೀರಿಯಡ್ ನನಗೆ. ಅದು ಬೆಳಿಗ್ಗೆ ಬೆಲ್ಲು ಹೊಡೆದ ಮೇಲೆ ಗೊತ್ತಾಗುತ್ತಿತ್ತು.’ ಇದೇ ದೂರನ್ನು ಬೇರೆ ಬೇರೆ ಮಾತಿನಲ್ಲಿ ನಾಲ್ವರು ಹೇಳಿದರು. ಐದನೆಯವರ ನೋವು ಬೇಸಗೆ ರಜೆಯ ಸಂಬಳ ಮೊದಲ ವರ್ಷದವರಿಗೆ ಇಲ್ಲವೆಂಬುದು. ಅದನ್ನು ಸೇರುವಾಗ ಯಾರೂ ಹೇಳಿರಲಿಲ್ಲ. ಆರನೆಯವರು ಮಾತ್ರ ಮಾಸಿಕ ಸಂಬಳದ ಮೊತ್ತವನ್ನೇ ಮೊದಲ ಕಾರಣವಾಗಿ ಹೇಳಿದರು. ಉಳಿದವರೂ ಹೆಚ್ಚು ಸಂಬಳದ ಕಡೆಗೇ ಹೋದರು ನಿಜ, ಆದರೆ ಬೇರೆ ಕೆಲಸ ಹುಡುಕಲು ತೊಡಗಿದ್ದು ಆ ಜುಲೈಯ ನಂತರ.

ಹೀಗೆ ತಿಳಿದ ಮೇಲೆ ಮಾಡಬೇಕಾದ ಕೆಲಸಕ್ಕೆ ಹೆಚ್ಚು ಹಣ ಬೇಕಾಗಲಿಲ್ಲ. ಹೊಸಬರಿಗೆ ಯಾವ ಯಾವ ವಿಷಯ, ವಾರಕ್ಕೆ ಎಷ್ಟು ಪೀರಿಯಡ್ ಎಂಬುದನ್ನು ನೇಮಕಾತಿ ಪತ್ರದಲ್ಲಿಯೇ ಬರೆಯುವುದೆಂದಾಯಿತು. ಬದಲಿ ಪೀರಿಯಡ್ ವಾರಕ್ಕೆ ಮೂರನ್ನು ಮೀರಬಾರದು, ಸಾಧ್ಯವಾದಾಗಲೆಲ್ಲ ಹಿಂದಿನ ಸಂಜೆಯೇ ತಿಳಿಸಬೇಕು, ಯಾರಿಗೆ ಎಷ್ಟು ಬಂತೆಂಬ ಪಟ್ಟಿ ಸ್ಟಾಫ್ ರೂಮಿನ ಗೋಡೆಯಲ್ಲಿರಬೇಕು. ರಜೆಯ ಸಂಬಳಕ್ಕೆ ಮಾತ್ರ ಹಣ ಬೇಕು; ಅದನ್ನು ಮಂಡಳಿ ಆ ವರ್ಷ ಅರ್ಧ ಒಪ್ಪಿತು, ಇನ್ನರ್ಧವನ್ನು ಮುಂದಕ್ಕೆ ಹಾಕಿತು.

ಇಷ್ಟರಿಂದ ಫಲ ಬಂತೆಂದು ಬೇಗನೆ ಹೇಳುವಂತಿಲ್ಲ. ಒಂದು ವರ್ಷ ಯಾರೂ ಬಿಡದಿದ್ದರೆ ಅದು ಆಕಸ್ಮಿಕವೂ ಆಗಿರಬಹುದು. ಇಷ್ಟು ಸಣ್ಣ ಶಾಲೆಯಲ್ಲಿ ಒಬ್ಬರು ಹೋದರೂ ಲೆಕ್ಕ ತಲೆಕೆಳಗಾಗುತ್ತದೆ. ಜೂನ್‌ನಲ್ಲಿ ಸೇರಿದವರಲ್ಲಿ ಮಾರ್ಚ್‌ಗೆ ಎಷ್ಟು ಮಂದಿ ಉಳಿದರು ಎಂಬುದನ್ನು ಕನಿಷ್ಠ ಎರಡು ವರ್ಷ ನೋಡಬೇಕು. ಉಳಿದವರನ್ನೂ ಓಣಂ ರಜೆಯ ಮುಂಚೆ ಅದೇ ಪ್ರಶ್ನೆ ಕೇಳಬೇಕು: ಬಿಡಬೇಕೆಂದು ಅನಿಸಿತ್ತೇ, ಯಾವಾಗ? ಹೊರಟವರಿಂದ ಕಲಿತದ್ದು ಉಳಿದವರ ಅನುಭವಕ್ಕೆ ಹೊಂದುತ್ತದೆಯೇ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಇನ್ನು ಗೌಪ್ಯದ ಮಾತು. ಹೆಸರನ್ನು ಮಂಡಳಿಗೆ ಹೇಳುವುದಿಲ್ಲ ಎಂಬ ಭರವಸೆ ಬೇಕು. ಒಬ್ಬರೇ ಹಿಂದಿ ಟೀಚರಿರುವ ಶಾಲೆಯಲ್ಲಿ ‘ಹಿಂದಿ ಅಧ್ಯಾಪಕರೊಬ್ಬರ ಪ್ರಕಾರ’ ಎಂದು ಬರೆದರೆ ಆ ಭರವಸೆ ಅಲ್ಲಿಗೇ ಮುರಿಯಿತು. ಅದಕ್ಕಾಗಿಯೇ ಮೂರು ವರ್ಷಗಳ ಉತ್ತರಗಳನ್ನು ಕೂಡಿಸಿ ವರದಿ ಮಾಡುವುದು ಒಳ್ಳೆಯದು. ಆದರೆ ‘ಏನು ಹೇಳಿದರೂ ನನ್ನಲ್ಲೇ ಉಳಿಯುತ್ತದೆ’ ಎಂದು ಮಾತು ಕೊಡಕೂಡದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬುದು ಸಂದರ್ಶನದಲ್ಲಿ ತಿಳಿದುಬಂದರೆ, ಪೋಕ್ಸೋ ಕಾಯಿದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಟೀಚರ ಮೇಲೆಯೇ ಲೈಂಗಿಕ ಕಿರುಕುಳ ನಡೆದಿದ್ದರೆ, 2013ರ ಕಾಯಿದೆಯಂತೆ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಲು ಘಟನೆಯಿಂದ ಮೂರು ತಿಂಗಳ ಅವಧಿಯಿದೆ. ಸಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳವರೆಗೆ ವಿಸ್ತರಿಸಬಹುದು. ಕೆಲಸ ಬಿಟ್ಟು ಆರು ತಿಂಗಳ ಮೇಲೆ ಮಾತನಾಡಿಸಿದರೆ ಆ ಗಡುವು ಕಳೆದೇ ಹೋಗಿರಬಹುದು. ಹೀಗಾಗಿ ರಾಜೀನಾಮೆ ಬಂದ ವಾರದಲ್ಲಿ ಒಮ್ಮೆ ಚಿಕ್ಕದಾಗಿ, ಕೆಲವು ತಿಂಗಳ ನಂತರ ಇನ್ನೊಮ್ಮೆ ವಿವರವಾಗಿ ಮಾತನಾಡಿಸುವುದು ಕ್ಷೇಮ. ಮೊದಲ ಭೇಟಿಯಲ್ಲಿ, ಪ್ರಶ್ನೆ ಕೇಳುವ ಮುನ್ನವೇ, ಈ ಎರಡು ವಿಷಯಗಳನ್ನು ತಾನು ಮುಚ್ಚಿಡಲಾರೆ ಎಂದು ನಿವೃತ್ತ ಅಧ್ಯಾಪಿಕೆ ಸ್ಪಷ್ಟವಾಗಿ ಹೇಳಿಬಿಡಬೇಕು.