ಬಿಟ್ಟುಹೋದ ಬಡ್ಡಿ, ಪರಿಷ್ಕೃತ ರಿಟರ್ನ್

ಸಯನ್‌ನಲ್ಲಿ ನೌಕರರೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಹಳೇ ತೆರಿಗೆ ಪದ್ಧತಿಯಲ್ಲಿ ಶೇ. 20ರ ಹಂತದವರು. 2024-25ರ ಆದಾಯದ ರಿಟರ್ನನ್ನು 2025ರ ಆಗಸ್ಟ್‌ನಲ್ಲಿ ಸಲ್ಲಿಸಿದರು. ಆಮೇಲೆ ನೋಡಿದರೆ, ನಿಶ್ಚಿತ ಠೇವಣಿಯ 18,000 ರೂಪಾಯಿ ಬಡ್ಡಿ ಬಿಟ್ಟುಹೋಗಿದೆ! ಬ್ಯಾಂಕು ಟಿ.ಡಿ.ಎಸ್. ಹಿಡಿದಿರಲಿಲ್ಲ. ಹಿಡಿಯದಿದ್ದರೂ ಬಡ್ಡಿಗೆ ತೆರಿಗೆ ಉಂಟು.

ತೆರಿಗೆ 3,600, ಸೆಸ್ 144, ಒಟ್ಟು 3,744 ರೂಪಾಯಿ. ಇದನ್ನು ಮೊದಲು ಕಟ್ಟಿ, ಚಲನ್ ವಿವರ ಸೇರಿಸಿ, 139(5)ನೇ ಕಲಮಿನಡಿ ಪರಿಷ್ಕೃತ ರಿಟರ್ನ್ ಸಲ್ಲಿಸಬೇಕು. ಮೊದಲ ರಿಟರ್ನಿನ ಸ್ವೀಕೃತಿ ಸಂಖ್ಯೆ, ದಿನಾಂಕ ಕೈಯಲ್ಲಿರಲಿ. ಬಡ್ಡಿಯನ್ನಷ್ಟೇ ತುಂಬಿದರೆ ಸಾಲದು. ಹೊಸದು ಹಳೆಯದರ ಜಾಗಕ್ಕೇ ಬರುವುದರಿಂದ ಸಂಬಳ, ಕಡಿತಗಳನ್ನೂ ಪೂರ್ತಿ ತುಂಬಬೇಕು. 30 ದಿನದೊಳಗೆ ಇ-ದೃಢೀಕರಣವೂ ಆಗಬೇಕು. ಆ ವರ್ಷಕ್ಕೆ ಗಡುವು 2025ರ ಡಿಸೆಂಬರ್ 31 ಆಗಿತ್ತು.

ವಿವರಣಾ ಪತ್ರವೋ? ಆನ್‌ಲೈನ್ ರಿಟರ್ನಿಗೆ ಅದನ್ನು ಲಗತ್ತಿಸುವ ಜಾಗವಿಲ್ಲ. ಆದರೂ ಅಂದೇ ಬರೆದು ಫೈಲಿನಲ್ಲಿಡಿ: “ಮೊದಲ ರಿಟರ್ನಿನಲ್ಲಿ ಠೇವಣಿ ಬಡ್ಡಿ ರೂ. 18,000 ಸೇರಿರಲಿಲ್ಲ. ಬ್ಯಾಂಕಿನ ಬಡ್ಡಿ ಪತ್ರ ನೋಡಿದಾಗ ತಿಳಿಯಿತು. ರೂ. 3,744 ಕಟ್ಟಿದ್ದೇನೆ. ಬೇರೆ ಬದಲಾವಣೆ ಇಲ್ಲ.” ಜೊತೆಗೆ ಬಡ್ಡಿ ಪತ್ರ, ಚಲನ್ ಇರಲಿ. ಇಲಾಖೆ ಮುಂದೆ ಪ್ರಶ್ನೆ ಕೇಳಿದರೆ, ಉತ್ತರ ಸಿದ್ಧವಾಗಿರುತ್ತದೆ.