ಮೆಣಸಿನ ಅವಲಕ್ಕಿ, ಹಿತ್ತಲ ಲೈಟು ಮತ್ತು ಇಪ್ಪತ್ತು ಅಮೈನೋ ಆಮ್ಲ

ಮೊದಲ ವರ್ಷದಲ್ಲಿ ಜೀವರಸಾಯನ ಓದುವವರ ಬಾಯಲ್ಲಿ ‘ಪಿವಿಟಿ ಟಿಮ್ ಹಾಲ್’ ಎಂಬ ಸೂತ್ರ ಓಡಾಡುತ್ತಿರುತ್ತದೆ. ಆಹಾರದಿಂದಲೇ ಬರಬೇಕೆಂದು ಎಣಿಸುವ ಹತ್ತು ಅಮೈನೋ ಆಮ್ಲಗಳ ಮೊದಲಕ್ಷರಗಳು ಅದರಲ್ಲಿವೆ. ಆದರೆ ಯಾವುದು ನೀರಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದಕ್ಕೆ ಆ ಸೂತ್ರದಲ್ಲಿ ಉತ್ತರವಿಲ್ಲ. ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದೇ ಆ ಗುಣ. ಅದು ಇರುವುದು ಅಣುವಿನ ಪಕ್ಕಕ್ಕೆ ಚಾಚಿಕೊಂಡ ಪಾರ್ಶ್ವ ಸರಪಳಿಯಲ್ಲಿ.

ನೀರೆಂದರೆ ಆಗದವುಗಳಿಗೆ ‘ಮೆಣಸಿನ ಅವಲಕ್ಕಿ’ ಸಾಕು. ಮೆ ಎಂದರೆ ಮೆಥಿಯೊನೀನ್. ಅ, ವ, ಲ ಎಂದರೆ ಅಲನೀನ್, ವ್ಯಾಲೀನ್, ಲ್ಯೂಸೀನ್. ಕೊನೆಯ ‘ಕ್ಕಿ’ಯ ಇಕಾರ ಐಸೊಲ್ಯೂಸೀನಿಗೆ. ಅವಲಕ್ಕಿಯ ಒಗ್ಗರಣೆಗೆ ಎಣ್ಣೆ ಬೇಕಲ್ಲ, ಇವೂ ಎಣ್ಣೆಯ ಪಕ್ಷದವೇ.

ಉಂಗುರವಿರುವ ಮೂರಕ್ಕೆ ‘ಟ್ರಿಪ್ಪಿನಲ್ಲಿ ಟೈರು ಫಿನಿಶ್’: ಟ್ರಿಪ್ಟೊಫ್ಯಾನ್, ಟೈರೋಸಿನ್, ಫಿನೈಲ್‌ಅಲನೀನ್. ಟೈರೋಸಿನ್ನಿನ ಉಂಗುರಕ್ಕೆ ಹೈಡ್ರಾಕ್ಸಿಲ್ ಅಂಟಿಕೊಂಡಿರುವುದರಿಂದ ಕೆಲವು ಪುಸ್ತಕಗಳು ಅದನ್ನು ನೀರಿಗೊಗ್ಗುವವುಗಳ ಜೊತೆ ಕೂರಿಸುತ್ತವೆ. ಎರಡೂ ಸರಿಯೇ.

ಧನಾವೇಶದವು ‘ಹಿತ್ತಲ ಲೈಟು ಆರಿತು’: ಹಿಸ್ಟಿಡೀನ್, ಲೈಸೀನ್, ಆರ್ಜಿನೀನ್. ಇಲ್ಲಿ ಹಲವರು ಎಡವುತ್ತಾರೆ. ರಕ್ತದ ಪಿಎಚ್ 7.4ರಲ್ಲಿ ಲೈಸೀನ್, ಆರ್ಜಿನೀನ್ ಆವೇಶ ಹೊತ್ತೇ ಇರುತ್ತವೆ. ಹಿಸ್ಟಿಡೀನ್ ಬಹುಪಾಲು ಹೊತ್ತಿರುವುದಿಲ್ಲ. ಪಿಎಚ್ 6ರ ಆಸುಪಾಸಿನಲ್ಲಿ ಅದು ಪ್ರೋಟಾನನ್ನು ಹಿಡಿಯುತ್ತ ಬಿಡುತ್ತ ಇರುತ್ತದೆ. ಎಷ್ಟೋ ಕಿಣ್ವಗಳು ಅದನ್ನು ಕೆಲಸಕ್ಕಿಟ್ಟುಕೊಂಡಿರುವುದು ಇದಕ್ಕೇ.

ಋಣಾವೇಶದ ಎರಡಕ್ಕೆ ಸೂತ್ರವೇ ಬೇಡ. ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ ಎಂದು ಹೆಸರಲ್ಲೇ ಆಮ್ಲವಿದೆ. ಇವುಗಳ ಆವೇಶ ಕಳೆದ ಅಮೈಡ್ ರೂಪಗಳು ಆಸ್ಪರಾಜೀನ್ ಮತ್ತು ಗ್ಲುಟಮೀನ್. ಅವಕ್ಕೆ ಸೆರೀನ್, ಥ್ರಿಯೊನೀನ್ ಸೇರಿಸಿದರೆ ಆವೇಶವಿಲ್ಲದೆಯೂ ನೀರಿಗೊಗ್ಗುವ ನಾಲ್ಕರ ಗುಂಪು ಮುಗಿಯಿತು.

ಉಳಿದ ಮೂರನ್ನು ಬಲವಂತವಾಗಿ ಯಾವ ಗುಂಪಿಗೂ ತುರುಕದಿರುವುದೇ ಮೇಲು. ಗ್ಲೈಸೀನಿನ ಪಾರ್ಶ್ವದಲ್ಲಿ ಬರೀ ಒಂದು ಹೈಡ್ರೋಜನ್. ಪ್ರೊಲೀನ್ ತನ್ನ ಬೆನ್ನಿಗೇ ಸುತ್ತಿಕೊಂಡು ಸುರುಳಿಯನ್ನು ಮುರಿಯುತ್ತದೆ. ಎರಡು ಸಿಸ್ಟೀನ್‌ಗಳು ತಮ್ಮ ಗಂಧಕಗಳಿಂದ ಬೆಸೆದುಕೊಳ್ಳುತ್ತವೆ.

ಗುಂಪು ಗೊತ್ತಿದ್ದರೆ ಕುಡಗೋಲು ಕಣ ರೋಗವನ್ನು ಊಹಿಸಿಯೇ ಬಿಡಿಸಬಹುದು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದಿರುತ್ತದೆ. 1950ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಮ್ ಇದನ್ನು ಪತ್ತೆಹಚ್ಚಿದರು. ಆವೇಶದ ಜಾಗದಲ್ಲಿ, ಅದೂ ಅಣುವಿನ ಹೊರಮೈಯಲ್ಲಿ, ಅವಲಕ್ಕಿಯ ‘ವ’ ಕೂತಿದೆ. ನೀರಿನಿಂದ ತಪ್ಪಿಸಿಕೊಳ್ಳಲು ಅದು ಪಕ್ಕದ ಹಿಮೋಗ್ಲೋಬಿನ್ನಿನ ಒಂದು ಕುಳಿಗೆ ನುಗ್ಗುತ್ತದೆ. ಕುಳಿಯಲ್ಲಿರುವವರು ಫಿನೈಲ್‌ಅಲನೀನ್, ಲ್ಯೂಸೀನ್, ಅಂದರೆ ಇದರ ಬಳಗವೇ. ಆಮ್ಲಜನಕ ಬಿಟ್ಟುಕೊಟ್ಟಾಗ ಹೀಗೆ ಒಂದಕ್ಕೊಂದು ಅಂಟಿ ಎಳೆಗಳಾಗುತ್ತವೆ, ಕೆಂಪುಕಣ ಬಾಗುತ್ತದೆ. ಅದೇ 6ನೇ ಸ್ಥಾನಕ್ಕೆ ಲೈಸೀನ್ ಬಂದರೆ ಹಿಮೋಗ್ಲೋಬಿನ್ ಸಿ. ಆವೇಶ ತಿರುವುಮುರುವಾದರೂ ನೀರಿನ ನಂಟು ಉಳಿದಿರುವುದರಿಂದ ಅಂಥ ಎಳೆಗಳು ಮೂಡುವುದಿಲ್ಲ, ಕಾಯಿಲೆಯೂ ಸೌಮ್ಯ.