ಜೆಡಿ ಕಳಿಸಿ, ಸಂಬಳ ಹೇಳಿ, ಆಮೇಲೆ ಮಾತಾಡೋಣ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನಾಲ್ಕೈದು ವರ್ಷ ದುಡಿದ ಯಾರ ಫೋನಿನಲ್ಲಾದರೂ ಇಂಥದೊಂದು ಸಂದೇಶ ಇದ್ದೇ ಇರುತ್ತದೆ: “ಹೆಸರಾಂತ ಎಂಎನ್‌ಸಿಯಲ್ಲಿ ಅರ್ಜೆಂಟ್ ಓಪನಿಂಗ್ ಇದೆ. ರೆಸ್ಯೂಮೆ, ಈಗಿನ ಸಿಟಿಸಿ, ನಿರೀಕ್ಷೆಯ ಸಿಟಿಸಿ, ನೋಟಿಸ್ ಪೀರಿಯಡ್ ಕಳಿಸಿ. ಯಾವಾಗ ಕಾಲ್ ಮಾಡಲಿ?” ಕಂಪನಿಯ ಹೆಸರಿಲ್ಲ, ಕೆಲಸ ಏನೆಂದಿಲ್ಲ, ಸಂಬಳದ ಮಾತಂತೂ ಇಲ್ಲವೇ ಇಲ್ಲ. ಹುಡುಗನ ಊರು ಯಾವುದು, ಕೆಲಸ ಏನು ಎಂದು ಹೇಳದೆ ಹುಡುಗಿಯ ಜಾತಕ ಕೇಳಿದ ಹಾಗೆ.

ಇದಕ್ಕೆ ಹೆಚ್ಚಿನವರು ಮಾಡುವುದು ಎರಡರಲ್ಲೊಂದು. ಕೇಳಿದ್ದನ್ನೆಲ್ಲ ಕೊಟ್ಟು ಕರೆಗೆ ಕಾಯುತ್ತಾರೆ, ಇಲ್ಲವೇ ಉತ್ತರಿಸದೆ ಬಿಡುತ್ತಾರೆ. ಮೂರನೆಯ ದಾರಿ ಇದೆ. ಮಾತಿಗೆ ಒಪ್ಪುವ ಮೊದಲು ಕೆಲಸದ ಪೂರ್ತಿ ವಿವರ, ಅಂದರೆ ಎಲ್ಲರೂ ಜೆಡಿ ಎನ್ನುವುದನ್ನು, ಮತ್ತು ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂಬುದನ್ನು ಬರವಣಿಗೆಯಲ್ಲಿ ಕೇಳುವುದು. ಹೀಗೆ ಕೇಳಿದರೆ ಉದ್ಧಟತನವಾಗುತ್ತದೆಯೋ ಏನೋ ಎಂಬ ಅಳುಕು ನಮ್ಮಲ್ಲಿ ಬಹಳ ಜನಕ್ಕಿದೆ. ಆ ಅಳುಕು ಹೋಗಬೇಕಾದರೆ ಆ ಕಡೆ ಕೂತಿರುವವರು ಯಾರು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಬೇಕು.

ಕರೆ ಮಾಡುವವರಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯವರು ಕಂಪನಿಯ ಸ್ವಂತ ಎಚ್‌ಆರ್ ವಿಭಾಗದವರು. ಇವರಿಗೆ ಹುದ್ದೆಯ ಬಜೆಟ್ ಗೊತ್ತಿರುತ್ತದೆ. ಹೇಳುವುದೂ ಬಿಡುವುದೂ ಕಂಪನಿಯ ರೂಢಿ. ಎರಡನೆಯವರು ಕನ್ಸಲ್ಟೆನ್ಸಿಯವರು. ನೀವು ಕೆಲಸಕ್ಕೆ ಸೇರಿದರೆ ಮಾತ್ರ ಇವರಿಗೆ ಹಣ. ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಲೆಕ್ಕವೆಂದರೆ ವರ್ಷದ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು. ನಿಮ್ಮ ಸಂಬಳ ಹೆಚ್ಚಾದರೆ ಇವರ ಪಾಲೂ ಹೆಚ್ಚು. ಆದರೆ ನಾಲ್ಕು ಕನ್ಸಲ್ಟೆನ್ಸಿಗಳು ಒಂದೇ ಹುದ್ದೆಯ ಹಿಂದೆ ಬಿದ್ದಿರುವಾಗ ಒಂದು ಲಕ್ಷ ಹೆಚ್ಚು ಕೊಡಿಸುವುದಕ್ಕಿಂತ ಬೇಗ ಮುಗಿಸುವುದೇ ಇವರಿಗೆ ಲಾಭ. ಕಂಪನಿಯ ಹೆಸರು ಮುಚ್ಚಿಡುವುದೂ ಇದೇ ಪೈಪೋಟಿಯಿಂದ. ಹೆಸರು ಹೇಳಿದರೆ ನೀವು ನೇರವಾಗಿ ಅರ್ಜಿ ಹಾಕಿಬಿಡುತ್ತೀರಿ ಎಂಬ ಭಯ ಅವರದು, ಅದು ಪೂರ್ತಿ ಸುಳ್ಳೂ ಅಲ್ಲ.

ಮೂರನೆಯವರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇವರು ನಿಮ್ಮನ್ನು ತಮ್ಮದೇ ಪೇರೋಲ್‌ಗೆ ತೆಗೆದುಕೊಂಡು ದೊಡ್ಡ ಕಂಪನಿಯೊಂದಕ್ಕೆ ಕಾಂಟ್ರಾಕ್ಟ್ ಮೇಲೆ ಕಳಿಸುತ್ತಾರೆ. ಆ ಕಂಪನಿ ನಿಮ್ಮ ಕೆಲಸಕ್ಕೆ ಇವರಿಗೆ ತಿಂಗಳಿಗೆ ಇಷ್ಟೆಂದು ಕೊಡುತ್ತದೆ, ಇವರು ನಿಮಗೆ ಅದಕ್ಕಿಂತ ಕಡಿಮೆ ಕೊಡುತ್ತಾರೆ, ನಡುವಿನದು ಇವರ ಗಳಿಕೆ. ಇಲ್ಲಿ ನೀವು ಕಡಿಮೆಗೆ ಒಪ್ಪಿದಷ್ಟೂ ಅವರಿಗೆ ಹೆಚ್ಚು ಉಳಿಯುತ್ತದೆ. ಸಂಬಳದ ಮಿತಿ ಹೇಳದೆ “ಮೊದಲು ನಿಮ್ಮ ಈಗಿನ ಸಿಟಿಸಿ ಹೇಳಿ” ಎಂದು ಹಟ ಹಿಡಿಯುವುದಕ್ಕೆ ಇಲ್ಲಿ ನೇರ ಕಾರಣವಿದೆ.

ಹಾಗಾದರೆ ಕೇಳುವುದು ಹೇಗೆ? ನಮ್ಮ ಕಚೇರಿಗಳಲ್ಲಿ ಇದು ಇಂಗ್ಲಿಷಿನಲ್ಲೇ ಹೋಗುತ್ತದೆ; ಹೂರಣ ಇಷ್ಟಿದ್ದರೆ ಸಾಕು: “ನಮಸ್ಕಾರ. ಸಂಪರ್ಕಿಸಿದ್ದಕ್ಕೆ ಧನ್ಯವಾದ. ಒಳ್ಳೆಯ ಅವಕಾಶವಿದ್ದರೆ ಬದಲಾಯಿಸುವ ಯೋಚನೆ ನನಗೂ ಇದೆ. ಮಾತಾಡುವ ಮೊದಲು ಪೂರ್ತಿ ಜೆಡಿ, ಈ ಹುದ್ದೆಗೆ ಇಟ್ಟಿರುವ ಸಂಬಳದ ಮಿತಿ (ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು), ಕೆಲಸ ಯಾರ ಪೇರೋಲ್‌ನಲ್ಲಿ, ಆಫೀಸು ಎಲ್ಲಿ, ಶಿಫ್ಟ್ ಇದೆಯೇ ಎಂಬುದನ್ನು ತಿಳಿಸಿ. ಹೊಂದಿಕೆಯಾದರೆ ಗುರುವಾರ ಅಥವಾ ಶುಕ್ರವಾರ ಸಂಜೆ ಆರರ ನಂತರ ಮಾತಿಗೆ ಸಿಗುತ್ತೇನೆ.” ಕೊನೆಯ ವಾಕ್ಯ ಬಿಡಬೇಡಿ. ದಿನ, ಹೊತ್ತು ಹೇಳಿದಾಗ ನೀವು ನಿಜವಾಗಿ ಆಸಕ್ತರು ಎಂಬುದು ಅವರಿಗೆ ತಿಳಿಯುತ್ತದೆ, ಅವರ ಪಟ್ಟಿಯಲ್ಲಿ ನಿಮ್ಮ ಹೆಸರು ಉಳಿಯುತ್ತದೆ. ರೆಸ್ಯೂಮೆಯನ್ನು ಈ ಹಂತದಲ್ಲಿ ಕಳಿಸಬೇಕಾಗಿಲ್ಲ.

ಒಂದು ಉದಾಹರಣೆ ಹಿಡಿದು ನೋಡೋಣ. ದಾವಣಗೆರೆಯಲ್ಲಿ ಓದಿ ಬೆಂಗಳೂರಿಗೆ ಬಂದ ಹೆಣ್ಣುಮಗಳು, ಜಾವಾದಲ್ಲಿ ಆರು ವರ್ಷದ ಅನುಭವ, ಸಿಟಿಸಿ 14 ಲಕ್ಷ ಎಂದಿಟ್ಟುಕೊಳ್ಳಿ. ಅವಳು ಮೇಲಿನಂತೆ ಬರೆದಳು. ಮೊದಲ ಉತ್ತರ: “ಈಗಿನ ಸಿಟಿಸಿ ಮೇಲೆ 30 ಪರ್ಸೆಂಟ್ ಹೈಕ್ ಕೊಡ್ತಾರೆ ಮೇಡಂ.” ಇದು ಸಂಬಳದ ಮಿತಿ ಅಲ್ಲ, ಮಿತಿ ಹೇಳದೆ ಜಾರಿಕೊಳ್ಳುವ ಬಗೆ. ಶುರುವಿನಲ್ಲಿ ಕಡಿಮೆ ಸಂಬಳಕ್ಕೆ ಸೇರಿದವರನ್ನು ಈ ಲೆಕ್ಕ ಮುಂದಿನ ಕೆಲಸದಲ್ಲೂ ಹಿಂದೆಯೇ ಇಡುತ್ತದೆ. 14 ಲಕ್ಷಕ್ಕೆ 30 ಪರ್ಸೆಂಟ್ ಸೇರಿಸಿದರೆ 18.2 ಲಕ್ಷ. ಅವಳು ಮತ್ತೆ ವಿನಯದಿಂದಲೇ “ನನ್ನ ಈಗಿನ ಸಂಬಳ ಬದಿಗಿರಲಿ, ಹುದ್ದೆಯ ಬಜೆಟ್ ಎಷ್ಟು?” ಎಂದು ಕೇಳಿದಳು. ಆಗ ಬಂದದ್ದು: 16ರಿಂದ 22 ಲಕ್ಷ. ಕೇಳದಿದ್ದರೆ 18 ಲಕ್ಷವೇ ದೊಡ್ಡದೆಂದು ಅವಳು ಸಂತೋಷಪಡುತ್ತಿದ್ದಳು. ಹಾಗಂತ 22 ಲಕ್ಷ ಕೈಗೆ ಬಂತು ಎಂದುಕೊಳ್ಳುವಂತಿಲ್ಲ. ಮೇಲಿನ ತುದಿ ಸಾಮಾನ್ಯವಾಗಿ ಜೆಡಿಯಲ್ಲಿ ಕೇಳಿದ್ದೆಲ್ಲ ಬರುವವರಿಗೆ.

ಜೊತೆಗೆ ಬಂದ ಜೆಡಿಯನ್ನು ಅವಳು ಕೆಳಗಿನಿಂದ ಓದಿದಳು. ಒಳ್ಳೆಯ ಅಭ್ಯಾಸ. ಮೇಲಿನ ಸಾಲುಗಳಲ್ಲಿ ಎಲ್ಲ ಕಂಪನಿಗಳೂ ಒಂದೇ ಥರ ಬರೆಯುತ್ತವೆ. ನಿಜವಾದ ಕೆಲಸ ಕೊನೆಯ ಕೆಲವು ಸಾಲುಗಳಲ್ಲಿ ಅಡಗಿರುತ್ತದೆ. ಇಲ್ಲಿ ಅಂಥ ಸಾಲು, ಹಳೆಯ ಅಪ್ಲಿಕೇಶನ್‌ಗೆ ಸರದಿಯ ಮೇಲೆ ರಾತ್ರಿ ಪಾಳಿಯ ಸಪೋರ್ಟ್. ಅವಳಿಗೆ ಅದು ಬೇಡದಿದ್ದರೆ ಅಲ್ಲೇ ಮುಗಿಯಿತು. ಆಫೀಸಿನ ಮೆಟ್ಟಿಲ ಮೇಲೆ ನಿಂತು ಮುಕ್ಕಾಲು ಗಂಟೆ ಪಿಸುಗುಟ್ಟುವ ಕರೆ, ಒಂದು ಆನ್‌ಲೈನ್ ಪರೀಕ್ಷೆ, ಎರಡು ಸುತ್ತಿನ ಸಂದರ್ಶನ, ಇವೆಲ್ಲ ಉಳಿದವು.

ಬೇಕೆನ್ನಿಸಿದರೆ ಮುಂದಿನ ಪ್ರಶ್ನೆ ದುಡ್ಡಿನದು, ಅಲ್ಲಿ ಫಿಕ್ಸೆಡ್-ವೇರಿಯಬಲ್ ಕೇಳಿದ್ದು ಏಕೆಂದು ತಿಳಿಯುತ್ತದೆ. 18 ಲಕ್ಷ ಎಂದರೆ ತಿಂಗಳಿಗೆ ಒಂದೂವರೆ ಲಕ್ಷ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಅದರಲ್ಲಿ ಶೇ. 10 ವೇರಿಯಬಲ್ ಆದರೆ 1.8 ಲಕ್ಷ ವರ್ಷದ ಕೊನೆಗೆ, ಅದೂ ಕಂಪನಿಯ ಮತ್ತು ನಿಮ್ಮ ಸಾಧನೆ ನೋಡಿಕೊಂಡು. ಬೇಸಿಕ್ 9 ಲಕ್ಷ, ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿ ಎಂದಿಟ್ಟುಕೊಂಡರೆ ಕಂಪನಿಯ ಪಾಲಿನ ಶೇ. 12, ಅಂದರೆ 1,08,000 ರೂಪಾಯಿ ಸಿಟಿಸಿಯೊಳಗೇ ಸೇರಿದೆ. ಗ್ರಾಚ್ಯುಟಿ ಎಂದು ಬೇಸಿಕ್‌ನ ಶೇ. 4.81, ಸುಮಾರು 43 ಸಾವಿರ. ಆರೋಗ್ಯ ವಿಮೆಗೆ 15 ಸಾವಿರ ಎನ್ನೋಣ. ಇಷ್ಟು ಹೋಗಿ ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ, ಅವಳ ಪಾಲಿನ ಪಿಎಫ್ 9,000 ಮತ್ತು ವೃತ್ತಿ ತೆರಿಗೆ 200 ಕಳೆದರೆ ತಿಂಗಳಿಗೆ ಸುಮಾರು 1,12,000. ವರಮಾನ ತೆರಿಗೆ ಇನ್ನೂ ಹಿಡಿದಿಲ್ಲ.

ಈಗಿನ 14 ಲಕ್ಷದ ಕೆಲಸದಲ್ಲಿ ವೇರಿಯಬಲ್ ಇಲ್ಲ, ವಿಮೆ ಸಿಟಿಸಿಯ ಹೊರಗೆ, ಪಿಎಫ್ ತಿಂಗಳಿಗೆ ಕನಿಷ್ಠದ 1,800 ಮಾತ್ರ ಎಂದುಕೊಳ್ಳಿ. ಅದೇ ರೀತಿ ಲೆಕ್ಕ ಹಾಕಿದರೆ ಕೈಗೆ ಬರುತ್ತಿರುವುದು ಸುಮಾರು 1,10,000. ಸಿಟಿಸಿಯಲ್ಲಿ ನಾಲ್ಕು ಲಕ್ಷ ಏರಿದೆ, ತಿಂಗಳ ಕೈಸಂಬಳದಲ್ಲಿ ಏರಿದ್ದು ಎರಡು ಸಾವಿರ! ತೆರಿಗೆ ಕಟ್ಟಿದ ಮೇಲೆ ಅದೂ ಬಹುಪಾಲು ಕರಗುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಪಿಎಫ್ ಅವಳದೇ ದುಡ್ಡು, ಎರಡೂ ಪಾಲು ಸೇರಿ ತಿಂಗಳಿಗೆ 18 ಸಾವಿರ ಉಳಿತಾಯಕ್ಕೆ ಹೋಗುತ್ತದೆ. ವೇರಿಯಬಲ್ ಕೂಡ ಬರಬಹುದು. ಆದರೆ ಮನೆ ಬಾಡಿಗೆ, ಸಾಲದ ಕಂತು ಎರಡೂ ಕೈಸಂಬಳದಿಂದಲೇ ಹೋಗಬೇಕು. ಹಾಗಾಗಿ ಅವಳು ಕೇಳಬೇಕಾದದ್ದು 18 ಅಲ್ಲ, 20ರ ಮೇಲೆ, ಅಥವಾ ವೇರಿಯಬಲ್ ಇಲ್ಲದ 18. ಇದು ಮೂರು ಸುತ್ತು ಸಂದರ್ಶನ ಮುಗಿದು ಆಫರ್ ಲೆಟರ್ ಬಂದಾಗ ಹೊಳೆದರೆ ತಡ.

ಕಂಪನಿಯ ಹೆಸರನ್ನೂ ಕೇಳಿ. ಕನ್ಸಲ್ಟೆನ್ಸಿಯವರು ಜೆಡಿಯಲ್ಲಿ ಹೆಸರು ಅಳಿಸಿ ಕಳಿಸಿದರೆ ತಪ್ಪೇನಿಲ್ಲ. ಆದರೆ ರೆಸ್ಯೂಮೆ ಕಂಪನಿಗೆ ತಲುಪುವ ಮುನ್ನ ನಿಮಗೆ ಹೆಸರು ಗೊತ್ತಿರಲೇಬೇಕು. ಒಂದೇ ಹುದ್ದೆಗೆ ಇಬ್ಬರು ಏಜೆಂಟರ ಮೂಲಕ ನಿಮ್ಮ ರೆಸ್ಯೂಮೆ ಹೋದರೆ, ನಿಮ್ಮನ್ನು ತಂದದ್ದು ಯಾರು ಎಂಬ ಜಗಳ ಅವರಲ್ಲಿ ಹುಟ್ಟುತ್ತದೆ. ಆ ತಲೆನೋವೇ ಬೇಡವೆಂದು ಕೆಲವು ಕಂಪನಿಗಳು ಅಭ್ಯರ್ಥಿಯನ್ನೇ ಪಕ್ಕಕ್ಕಿಡುತ್ತವೆ. “ನನ್ನನ್ನು ಕೇಳದೆ ಎಲ್ಲಿಗೂ ಕಳಿಸಬೇಡಿ” ಎಂಬ ಒಂದು ಸಾಲು ಇಮೇಲ್‌ನಲ್ಲಿರಲಿ.

ಈಗಿನ ಸಂಬಳ ಕೇಳಿದರೆ? ನಮ್ಮ ದೇಶದಲ್ಲಿ ಅದನ್ನು ಕೇಳಬಾರದೆಂಬ ಕಾನೂನಿಲ್ಲ. ಸಂಬಳದ ಮಿತಿ ಮೊದಲೇ ಹೇಳಬೇಕೆಂಬ ಕಾನೂನೂ ಇಲ್ಲ. ಹೇಳುವುದನ್ನು ಮುಂದೂಡಬಹುದು, ಸುಳ್ಳು ಹೇಳಬಾರದು. ಆಫರ್ ಕೊಡುವ ಹೊತ್ತಿಗೆ ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಆಗ ಸಿಕ್ಕಿಬೀಳುತ್ತೀರಿ. ಅಮೆರಿಕದ ಕೊಲರಾಡೊದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರ್‌ನಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಕೆಲಸದ ಜಾಹೀರಾತಿನಲ್ಲೇ ಸಂಬಳದ ಮಿತಿ ಹಾಕಬೇಕೆಂಬ ನಿಯಮವಿದೆ. ಸಣ್ಣ ಸಂಸ್ಥೆಗಳಿಗೆ ಅಲ್ಲಲ್ಲಿ ವಿನಾಯಿತಿ ಇದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಇನ್ನೂ ಮುಂದೆ ಹೋಗಿ, ಸಂದರ್ಶನಕ್ಕೆ ಮೊದಲೇ ಸಂಬಳ ತಿಳಿಸಬೇಕು, ಹಿಂದಿನ ಸಂಬಳ ಕೇಳಬಾರದು ಎಂದು ನಿರ್ದೇಶನ ಹೊರಡಿಸಿತು. ಸದಸ್ಯ ರಾಷ್ಟ್ರಗಳು ಅದನ್ನು ತಮ್ಮ ಕಾನೂನಿಗೆ ತರಲು ಕೊಟ್ಟ ಗಡುವು 2026ರ ಜೂನ್ 7. ಅಂದಹಾಗೆ, ಕೆಪಿಎಸ್‌ಸಿ ಅಧಿಸೂಚನೆಯಲ್ಲಿ ವೇತನ ಶ್ರೇಣಿ ಮೊದಲಿನಿಂದಲೂ ಅಚ್ಚಾಗುತ್ತಿದೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವವರು ಯಾರೂ ಅದನ್ನು ನೋಡಿ ದುರಾಸೆಯವರಾಗಿಲ್ಲ.

ಎಲ್ಲ ಕಡೆಯೂ ಈ ಉಪಾಯ ನಡೆಯುವುದಿಲ್ಲ. ಕಾಲೇಜಿನಿಂದ ಆಗಷ್ಟೇ ಬಂದವರ ಕೈಯಲ್ಲಿ ಆಯ್ಕೆ ಕಡಿಮೆ. ಅವರು ಜೆಡಿಯನ್ನಾದರೂ ಕೇಳಲಿ, ಸಂಬಳದ ಮಾತು ಕರೆಯಲ್ಲೇ ಆಗಲಿ. ಕೆಲಸ ಕಳೆದುಕೊಂಡು ಮನೆಯಲ್ಲಿರುವವರು ಹತ್ತು ನಿಮಿಷದ ಕರೆಯನ್ನು ತಿರಸ್ಕರಿಸುವುದರಲ್ಲಿ ಅರ್ಥವಿಲ್ಲ. ಬಹಳ ಮೇಲಿನ ಹುದ್ದೆಗಳಲ್ಲಿ ಬಜೆಟ್ ವ್ಯಕ್ತಿ ನೋಡಿ ನಿರ್ಧಾರವಾಗುವುದುಂಟು, ಅಲ್ಲಿ ಬರವಣಿಗೆಯಲ್ಲಿ ಅಂಕಿ ಸಿಗುವುದು ಕಷ್ಟ. “ಬರೆಯಲು ಅನುಮತಿ ಇಲ್ಲ, ಫೋನಿನಲ್ಲಿ ಮೊದಲ ಎರಡು ನಿಮಿಷದಲ್ಲೇ ಹೇಳುತ್ತೇನೆ” ಎಂದು ಕಂಪನಿಯವರೇ ಹೇಳಿದರೆ ಒಪ್ಪಿಕೊಳ್ಳಿ. ಮಾತು ಮುಗಿದ ಮೇಲೆ, ಹೇಳಿದ ಅಂಕಿಯನ್ನು ನೀವೇ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿದರೆ ದಾಖಲೆ ಉಳಿಯುತ್ತದೆ.

ಜೆಡಿ ಕೇಳಿದ ಕೂಡಲೇ ರಿಜಿಸ್ಟ್ರೇಷನ್, ಟ್ರೇನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ದುಡ್ಡು ಕೇಳುವವರು ರಿಕ್ರೂಟರ್ ಅಲ್ಲ, ವಂಚಕರು. ಅಲ್ಲಿಗೇ ನಂಬರ್ ಬ್ಲಾಕ್ ಮಾಡಿ. ಉಳಿದವರಲ್ಲಿ ಕೆಲವರು ಉತ್ತರಿಸುವುದೇ ಇಲ್ಲ. ಎರಡು ದಿನ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ವಿವರ ಕಳಿಸಿದವರಿಗೆ, ಕೆಲಸ ನಿಮಗೆ ಬೇಡವಾದರೂ, ಬೇಡ ಎಂದು ಕಾರಣಸಹಿತ ಉತ್ತರ ಬರೆಯಿರಿ: ಬಜೆಟ್ ಕಡಿಮೆಯೋ, ರಾತ್ರಿ ಪಾಳಿಯೋ, ವೈಟ್‌ಫೀಲ್ಡ್ ದೂರವೋ. ಮುಂದಿನ ಸಲ ಅವರು ನಿಮಗೆ ಹೊಂದುವ ಕೆಲಸವನ್ನೇ, ಸಂಬಳ ಸಮೇತ ಬರೆದು ಕಳಿಸುವ ಸಾಧ್ಯತೆ ಇರುವುದು ಆ ಒಂದು ಉತ್ತರದಿಂದ.